ಗ್ರೈಂಡ್ ಬದಲಿಸುವ ಮೊದಲು ಕಪ್ ಆರಲಿ

ಬ್ಲ್ಯಾಕ್ ಕಾಫಿ ಹುಳಿ ಅನ್ನಿಸಿದ ತಕ್ಷಣ ಗ್ರೈಂಡ್ ಸೆಟ್ಟಿಂಗ್ ತಿರುಗಿಸಬೇಡಿ. ಅದೇ ಕಪ್ಪನ್ನು ಮೂರು ಬಿಸಿಯಲ್ಲಿ ಕುಡಿದು ನೋಡಿ: ಸುಮಾರು 65, 50 ಮತ್ತು 38 ಡಿಗ್ರಿ ಸೆಲ್ಸಿಯಸ್. ಅಡುಗೆಯ ಥರ್ಮಾಮೀಟರ್ ಸಾಕು.

70 ಡಿಗ್ರಿ ಮೇಲೆ ನಾಲಿಗೆಗೆ ಸುಡುವುದೇ ಹೆಚ್ಚು ಗೊತ್ತಾಗುತ್ತದೆ; ಘಮ, ಹುರಿದ ರುಚಿ ಮುಂದೆ ನಿಲ್ಲುತ್ತವೆ, ಸಿಹಿ ಮರೆಯಾಗುತ್ತದೆ. 55ರಿಂದ 45ರ ನಡುವೆ ಸಿಹಿ, ಹುಳಿ ಎರಡೂ ಬಿಡಿಬಿಡಿಯಾಗಿ ತಿಳಿಯುತ್ತವೆ. ನನ್ನ ಪ್ರಕಾರ ತೀರ್ಪು ಕೊಡಬೇಕಾದ್ದು ಇಲ್ಲೇ. ಸಕ್ಕರೆ ಹಾಕುವವರೂ ಇಲ್ಲಿಯವರೆಗೆ ಕಾಯಿರಿ. ಸುಡುವಾಗ ಅಳೆದು ಹಾಕಿದ ಸಕ್ಕರೆ ಆರಿದ ಮೇಲೆ ಅತಿಯಾಗುತ್ತದೆ. 40ಕ್ಕಿಂತ ಕೆಳಗೆ ಹುಳಿ ಎದ್ದು ಕಾಣುತ್ತದೆ, ಬೀಜದ ದೋಷವೂ ಬಯಲಾಗುತ್ತದೆ.

65ರಲ್ಲೂ 50ರಲ್ಲೂ ಹುಳಿ ಚುರುಗುಟ್ಟಿ, ರುಚಿ ತೆಳುವಾಗಿದ್ದರೆ ಕಾಫಿಯ ಸಾರ ಪೂರ್ತಿ ಇಳಿದಿಲ್ಲ. ಪುಡಿ ಒಂದು ಹಂತ ನುಣ್ಣಗಾಗಲಿ. 50ರಲ್ಲಿ ಸಿಹಿಯಿದ್ದು, 38ರಲ್ಲಿ ಮಾತ್ರ ಹುಳಿ ಬಂದರೆ ಗ್ರೈಂಡ್ ಮುಟ್ಟಬೇಡಿ, ಅದು ಆ ಬೀಜದ ಗುಣ.

ಕಪ್ ಬದಲಾದರೆ ಈ ಹೋಲಿಕೆ ಕೆಡುತ್ತದೆ. ತಣ್ಣಗಿನ ದಪ್ಪ ಪಿಂಗಾಣಿ ಸುರಿದ ಕ್ಷಣವೇ ಶಾಖ ಹೀರುತ್ತದೆ, ಅಗಲ ಬಾಯಿಯಿಂದ ಆವಿಯಾಗಿ ಇನ್ನಷ್ಟು ಹೋಗುತ್ತದೆ. ಪ್ರತಿಸಲ ಅದೇ ಕಪ್ ಬಳಸಿ, ಬಿಸಿನೀರಲ್ಲಿ ಒಂದು ನಿಮಿಷ ಕಾಯಿಸಿಕೊಳ್ಳಿ.