ಲಾಭ ಇಳಿದಾಗ ಮೆಟೀರಿಯಾಲಿಟಿಯನ್ನೂ ಇಳಿಸಿದೆವು

ಬಳ್ಳಾರಿ ಹತ್ತಿರದ ಒಂದು ಸ್ಪಾಂಜ್ ಐರನ್ ಕಾರ್ಖಾನೆಯ ಆಡಿಟ್ ನಮ್ಮದು. ವಹಿವಾಟು ಸುಮಾರು 200 ಕೋಟಿ. ಇದರ ಲೆಕ್ಕಪತ್ರ ನೋಡುವವರು ಮುಖ್ಯವಾಗಿ ಮಾಲೀಕರ ಕುಟುಂಬ ಮತ್ತು ಸಾಲ ಕೊಟ್ಟ ಬ್ಯಾಂಕು. ಎಷ್ಟು ದೊಡ್ಡ ತಪ್ಪಿದ್ದರೆ ಇವರ ತೀರ್ಮಾನ ಬದಲಾಗುತ್ತದೆ? ಆ ಮೊತ್ತವೇ ಮೆಟೀರಿಯಾಲಿಟಿ. ಆಡಿಟ್ ಮಾನದಂಡವಾದ ಎಸ್‌ಎ 320 ಇಷ್ಟೇ ಶೇಕಡಾ ಎಂದು ಕಟ್ಟುನಿಟ್ಟು ಮಾಡಿಲ್ಲ, ಅದನ್ನು ನಾವೇ ಯೋಚಿಸಿ ಹಾಕಬೇಕು.

ಫೆಬ್ರವರಿಯಲ್ಲಿ ಪ್ಲಾನ್ ಮಾಡುವಾಗ ಡಿಸೆಂಬರ್‌ವರೆಗಿನ ಲೆಕ್ಕ ಮಾತ್ರ ಕೈಯಲ್ಲಿತ್ತು. ಅದರ ಮೇಲೆ ವರ್ಷದ ತೆರಿಗೆಗೆ ಮುಂಚಿನ ಲಾಭ 8 ಕೋಟಿ ಎಂದು ಅಂದಾಜಿಸಿ, ರೂಢಿಯಂತೆ ಶೇ. 5 ಹಿಡಿದೆವು: 40 ಲಕ್ಷ. ಸಣ್ಣ ಸಣ್ಣ ತಪ್ಪುಗಳು ಸೇರಿ ಅದನ್ನು ದಾಟಬಾರದಲ್ವಾ, ಅದಕ್ಕೆ ಪರೀಕ್ಷೆಯ ಮಿತಿಯನ್ನು ಅದರ ಶೇ. 75ಕ್ಕೆ, ಅಂದರೆ 30 ಲಕ್ಷಕ್ಕೆ ಇಟ್ಟೆವು. ಇದಕ್ಕೆ ಪರ್ಫಾರ್ಮೆನ್ಸ್ ಮೆಟೀರಿಯಾಲಿಟಿ ಎನ್ನುತ್ತಾರೆ.

ಮಾರ್ಚಲ್ಲಿ ಸ್ಪಾಂಜ್ ಐರನ್ ದರ ಬಿತ್ತು. ದಾಸ್ತಾನಿನ ಬೆಲೆಯನ್ನು ಮಾರಿದರೆ ಸಿಗುವ ಮೊತ್ತಕ್ಕೆ ಇಳಿಸಬೇಕಾಯಿತು. ಕರಡು ಲೆಕ್ಕದಲ್ಲಿ ಲಾಭ 5 ಕೋಟಿಗೆ ನಿಂತಿತು.

ಅಕೌಂಟ್ಸ್ ಮ್ಯಾನೇಜರ್ ಹೇಳಿದರು, "ಸರ್, ಲಾಭ ಬಿಡಿ, ವಹಿವಾಟಿನ ಮೇಲೆ ಅರ್ಧ ಪರ್ಸೆಂಟ್ ಹಾಕಿ." ಹಾಗೆ ಹಾಕಿದರೆ 1 ಕೋಟಿ ಆಗುತ್ತದೆ. ಲಾಭವೇ 5 ಕೋಟಿ ಇರುವಾಗ ಅದರಲ್ಲಿ ಐದನೇ ಒಂದು ಭಾಗದ ತಪ್ಪನ್ನು ಸುಮ್ನೆ ಬಿಡಬಹುದು ಎಂದಂತೆ! ನಷ್ಟದ ಅಂಚಿಗೆ ಬಂದು, ಲಾಭಕ್ಕೆ ಅರ್ಥವೇ ಇಲ್ಲದಂತಾಗಿದ್ದರೆ ವಹಿವಾಟಿನ ಆಧಾರ ಸರಿ. ಇಲ್ಲಿ ಹಾಗಿರಲಿಲ್ಲ, ಬ್ಯಾಂಕು ಈಗಲೂ ಲಾಭವನ್ನೇ ನೋಡುತ್ತಿತ್ತು. ಮಿತಿ ಸಡಿಲವಾಗುತ್ತದೆ ಎಂದು ಆಧಾರ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾಗಿ ಮೆಟೀರಿಯಾಲಿಟಿ 25 ಲಕ್ಷಕ್ಕೆ ಇಳಿಯಿತು. ಅಷ್ಟರಲ್ಲಿ ವೇಬ್ರಿಡ್ಜ್ ಚೀಟಿಗಳೂ ಸ್ಟಾಕ್ ಪುಸ್ತಕವೂ ಕೆಲವು ಕಡೆ ತಾಳೆಯಾಗದ್ದು ಕಂಡಿತ್ತು. ತಪ್ಪಿನ ಸಾಧ್ಯತೆ ಜಾಸ್ತಿ ಎನಿಸಿ ಪರೀಕ್ಷೆಯ ಮಿತಿಯನ್ನು ಶೇ. 60ಕ್ಕೆ, 15 ಲಕ್ಷಕ್ಕೆ ತಂದೆವು.

ಕಾಗದದ ಮೇಲೆ ಅಂಕಿ ತಿದ್ದಿದರೆ ಸಾಲದು, ಮುಗಿಸಿದ ಕೆಲಸವನ್ನೂ ಮತ್ತೆ ತೆರೆಯಬೇಕು. ಮೊದಲು 30 ಲಕ್ಷಕ್ಕಿಂತ ದೊಡ್ಡ ಬಾಕಿದಾರರಿಗೆಲ್ಲ ದೃಢೀಕರಣ ಪತ್ರ ಕಳಿಸಿ, ಉಳಿದವರಲ್ಲಿ ಕೆಲವರನ್ನಷ್ಟೇ ಆರಿಸಿದ್ದೆವು. ಈಗ 15ರಿಂದ 30 ಲಕ್ಷದ ನಡುವಿನ ಎಲ್ಲರನ್ನೂ ನೋಡಿದೆವು. ಅವರಲ್ಲೊಬ್ಬರಿಂದ 8 ಲಕ್ಷ ಬರುವ ಹಾಗಿರಲಿಲ್ಲ. ಏಪ್ರಿಲ್ ಬಿಲ್ಲುಗಳನ್ನು ಇನ್ನಷ್ಟು ತೆಗೆದಾಗ, ಮಾರ್ಚಲ್ಲೇ ಗಿರಾಕಿಗಳಿಗೆ ಮಾಲು ಇಳಿಸಿದ್ದ ಲಾರಿಗಳ ಬಾಡಿಗೆ 19 ಲಕ್ಷ ಮುಂದಿನ ವರ್ಷಕ್ಕೆ ಬಿದ್ದದ್ದು ಸಿಕ್ಕಿತು.

ಎರಡೂ ಸೇರಿ 27 ಲಕ್ಷ. ಹಳೆಯ 40 ಲಕ್ಷದ ಲೆಕ್ಕದಲ್ಲಿ ಇದು ಒಳಗೇ ಉಳಿಯುತ್ತಿತ್ತು, ಹೊಸದರಲ್ಲಿ ದಾಟಿತು. ಎರಡನ್ನೂ ತಿದ್ದಿ ಎಂದೆವು. ಕಂಪನಿ ಲಾರಿ ಬಾಡಿಗೆಯನ್ನು ಮಾರ್ಚಿಗೆ ತಂದಿತು, 8 ಲಕ್ಷಕ್ಕೆ ಒಪ್ಪಲಿಲ್ಲ. ಅದನ್ನು ಸೇರಿಸಿದರೆ ಬ್ಯಾಂಕಿನ ಯಾವ ಷರತ್ತಾದರೂ ಮುರಿಯುತ್ತದೆಯೇ ಎಂದು ಬೇರೆಯಾಗಿ ನೋಡಿದೆವು, ಮುರಿಯುತ್ತಿರಲಿಲ್ಲ. ಆಮೇಲೆ ಅದನ್ನು ತಿದ್ದದ ತಪ್ಪುಗಳ ಪಟ್ಟಿಗೆ ಹಾಕಿ, ಆಡಳಿತದವರ ಲಿಖಿತ ಹೇಳಿಕೆಯ ಜೊತೆ ಲಗತ್ತಿಸಿದೆವು.