ಬಸ್ಸಿಗೆಲ್ಲ ಕೇಳಿಸಬೇಡಿ: ವಾಯ್ಸ್ ಮೆಸೇಜ್ ಕೇಳುವುದು, ಓದುವುದು ಹೇಗೆ?

ಮೈಸೂರಿಂದ ಮಂಡ್ಯಕ್ಕೆ ಹೋಗುವ ಬಸ್ಸು ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಮುಂದಿನ ಸೀಟಿನವರ ಮನೆ ವಿಷಯ ನನಗೆ ಪೂರ್ತಿ ಗೊತ್ತಾಗಿತ್ತು. ಒಡವೆ ಎಲ್ಲಿ ಅಡ ಇಟ್ಟಿದ್ದಾರೆ, ಬಡ್ಡಿ ಕಟ್ಟದೆ ಎಷ್ಟು ತಿಂಗಳಾಯಿತು, ಎಲ್ಲ. ಅವರೇನೂ ಬೇಕಂತ ಕೇಳಿಸಲಿಲ್ಲ ಪಾಪ. ಫೋನಿನ ಕೆಳಗಿನ ಅಂಚನ್ನು ಕಿವಿಗೆ ಒತ್ತಿ ಹಿಡಿದು, ಗುಟ್ಟಾಗಿ ಕೇಳುತ್ತಿದ್ದೇನೆ ಅಂದುಕೊಂಡಿದ್ದರು. ಸ್ಪೀಕರ್ ಇರುವುದೇ ಅಲ್ಲಿ!

ವಾಟ್ಸಾಪ್‌ನಲ್ಲಿ ಸ್ಪೀಕರ್ ಬೇಕೋ ಕಿವಿ ಬೇಕೋ ಅಂತ ಆರಿಸುವ ಬಟನ್ ಮೆಸೇಜಿನ ಪಕ್ಕದಲ್ಲಿ ಇಲ್ಲ. ಅದನ್ನು ನಿರ್ಧರಿಸುವುದು ಫೋನಿನ ಮೇಲ್ತುದಿಯ ಸೆನ್ಸರ್. ಕರೆ ಬಂದಾಗ ಫೋನನ್ನು ಕಿವಿಗೆ ಇಟ್ಟರೆ ಸ್ಕ್ರೀನ್ ಕಪ್ಪಾಗುತ್ತದಲ್ವಾ, ಅದನ್ನು ಮಾಡುವುದೂ ಇದೇ. ಮೆಸೇಜ್ ಓಡುತ್ತಿರುವಾಗ ಫೋನನ್ನು ಕರೆಗೆ ಹಿಡಿಯುವ ಹಾಗೇ, ಮೇಲ್ತುದಿ ಕಿವಿಗೆ ತಾಗುವಂತೆ ಹಿಡಿದರೆ ಸ್ಕ್ರೀನ್ ಕಪ್ಪಾಗಿ ದನಿ ಕಿವಿಯ ಕಡೆಗೆ ತಿರುಗುತ್ತದೆ. ತಲೆಕೆಳಗಾಗಿ ಹಿಡಿದರೆ, ತಟ್ಟೆ ಹಿಡಿದಂತೆ ಬಾಯಿ ಮುಂದೆ ಹಿಡಿದರೆ ಆ ಸೆನ್ಸರಿಗೆ ಏನೂ ತಿಳಿಯುವುದಿಲ್ಲ.

ಕಷ್ಟ ಇರುವುದು ಪ್ಲೇ ಒತ್ತಿದ ಮೊದಲ ಕ್ಷಣದಲ್ಲಿ. ಒತ್ತಿ, ಕೈ ಎತ್ತಿ, ಕಿವಿಗೆ ತರುವಷ್ಟರಲ್ಲಿ ಮೊದಲ ಎರಡು ಮಾತು ಸ್ಪೀಕರಿನಲ್ಲಿ ಹೋಗಿಬಿಟ್ಟಿರುತ್ತವೆ. ನಮ್ಮ ಜನ ಮೊದಲ ಎರಡು ಮಾತಿನಲ್ಲೇ ಬೈಗುಳ ಮುಗಿಸುವವರು. ಅದಕ್ಕೆ ನಾನು ಹೀಗೆ ಮಾಡುತ್ತೇನೆ. ಪ್ಲೇ ಒತ್ತುವ ಮೊದಲೇ ಪಕ್ಕದ ವಾಲ್ಯೂಮ್ ಬಟನ್‌ನಿಂದ ಮೀಡಿಯಾ ವಾಲ್ಯೂಮನ್ನು ಪೂರ್ತಿ ಇಳಿಸುತ್ತೇನೆ. ಆಮೇಲೆ ಒತ್ತಿ ಕಿವಿಗೆ ಇಡುತ್ತೇನೆ. ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಕಿವಿಗೆ ಬರುವ ದನಿಗೆ ಕರೆಯ ವಾಲ್ಯೂಮ್ ಲೆಕ್ಕ, ಸ್ಪೀಕರಿಗೆ ಮೀಡಿಯಾ ವಾಲ್ಯೂಮ್ ಲೆಕ್ಕ. ಎರಡೂ ಬೇರೆ ಬೇರೆ. ಹಾಗಾಗಿ ಸ್ಪೀಕರ್ ಮೂಕ, ಕಿವಿಗೆ ಮಾತ್ರ ದನಿ. ಮನೆಯಲ್ಲಿ ಒಂದು ಸಲ ಮಾಡಿ ನೋಡಿಕೊಳ್ಳಿ, ಬಸ್ಸಿನಲ್ಲಿ ಮೊದಲ ಪ್ರಯೋಗ ಬೇಡ. ಕಿವಿಯಲ್ಲಿ ದನಿ ಸಣ್ಣಗೆ ಬಂದರೆ, ಮೆಸೇಜ್ ಓಡುತ್ತಿರುವಾಗಲೇ, ಫೋನ್ ಕಿವಿಯಲ್ಲೇ ಇರುವಾಗ ವಾಲ್ಯೂಮ್ ಏರಿಸಿ. ಕೆಳಗಿಳಿಸಿ ಏರಿಸಿದರೆ ಏರುವುದು ಸ್ಪೀಕರಿನದು.

ಇನ್ನೊಂದು ಹೊಂಡ ಕೊನೆಯಲ್ಲಿದೆ. ಒಬ್ಬರೇ ಸಾಲಾಗಿ ಮೂರು ವಾಯ್ಸ್ ಮೆಸೇಜ್ ಹಾಕಿದ್ದರೆ, ಒಂದು ಮುಗಿದ ಕೂಡಲೇ ಸಣ್ಣ ಸದ್ದು ಮಾಡಿ ಮುಂದಿನದು ತಾನೇ ಶುರುವಾಗುತ್ತದೆ. ಮೊದಲನೆಯದು ಮುಗಿಯಿತು ಅಂತ ಫೋನ್ ಕೆಳಗಿಳಿಸಿದಿರೋ, ಎರಡನೆಯದು ಬಸ್ಸಿಗೆಲ್ಲ ಕೇಳಬಹುದು. ಎಷ್ಟು ಮೆಸೇಜ್ ಇವೆ ಅಂತ ಮೊದಲೇ ಎಣಿಸಿಕೊಳ್ಳಿ.

ಕಿವಿಗೆ ಇಟ್ಟರೂ ಸ್ಪೀಕರಿನಲ್ಲೇ ಬರುತ್ತಿದೆಯಾ? ಅಥವಾ ಕೈಯಲ್ಲೇ ಇರುವಾಗ ಸ್ಕ್ರೀನ್ ಕಪ್ಪಾಗಿ ದನಿ ಮಾಯವಾಗುತ್ತಿದೆಯಾ? ಎರಡನೆಯದಕ್ಕೆ ಹೆದರಿ ಫೋನ್ ರಿಪೇರಿಗೆ ಕೊಟ್ಟವರನ್ನು ನೋಡಿದ್ದೇನೆ. ದನಿ ಎಲ್ಲೂ ಹೋಗಿಲ್ಲ, ಕಿವಿಯ ಕಡೆಗೆ ಹೋಗಿದೆ. ಹೆಬ್ಬೆರಳು ಮೇಲ್ತುದಿಗೆ ಅಡ್ಡ ಬಂದಿರುತ್ತದೆ, ಇಲ್ಲಾ ಗಾಜಿನ ಮೇಲೆ ಜಿಡ್ಡು ಕೂತಿರುತ್ತದೆ. ಪರೀಕ್ಷೆ ಸುಲಭ. ಯಾರಿಗಾದರೂ ಕರೆ ಮಾಡಿ, ಮೇಲ್ತುದಿಗೆ ಅಂಗೈ ಅಡ್ಡ ಇಡಿ. ಸ್ಕ್ರೀನ್ ಆರಬೇಕು, ಕೈ ತೆಗೆದರೆ ಹತ್ತಬೇಕು. ಹಾಗಾಗದಿದ್ದರೆ ಮೊದಲು ಟೆಂಪರ್ಡ್ ಗ್ಲಾಸ್ ಮೇಲೆ ಅನುಮಾನ ಪಡಿ. ಐವತ್ತು ರೂಪಾಯಿಗೆ ಫುಟ್‌ಪಾತಿನಲ್ಲಿ ಹಾಕಿಸಿದ ಕಪ್ಪು ಅಂಚಿನ ಗ್ಲಾಸ್ ನನ್ನ ಫೋನಿನ ಸೆನ್ಸರನ್ನೇ ಮುಚ್ಚಿತ್ತು. ಕಿತ್ತೆಸೆದ ಮೇಲೆ ಸರಿಹೋಯಿತು.

ಸ್ಪೀಕರಿನಲ್ಲೂ ಇಲ್ಲ, ಕಿವಿಯಲ್ಲೂ ಇಲ್ಲ ಅಂದರೆ ಬ್ಲೂಟೂತ್ ನೋಡಿ. ನೆಕ್‌ಬ್ಯಾಂಡ್ ಬ್ಯಾಗಿನೊಳಗೆ ಆನ್ ಆಗಿ ಕೂತು, ನಿಮ್ಮ ಮೆಸೇಜನ್ನು ಅದೇ ಕೇಳುತ್ತಿರುತ್ತದೆ.

ವೇಗದ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಮೆಸೇಜ್ ಓಡಲು ಶುರುವಾದ ಮೇಲೆ ಪಕ್ಕದಲ್ಲಿ 1x ಅಂತ ಬರುತ್ತದೆ, ಒತ್ತಿದರೆ 1.5x, ಮತ್ತೆ ಒತ್ತಿದರೆ 2x, ಮತ್ತೊಮ್ಮೆ ಒತ್ತಿದರೆ ಮೊದಲಿನದೇ. ಕಿವಿಗೆ ಇಟ್ಟು ಕೇಳುವವರು ಮಾತ್ರ ಇದನ್ನು ಮೊದಲೇ ಒತ್ತಿಕೊಳ್ಳಬೇಕು. ಸ್ಕ್ರೀನ್ ಕಪ್ಪಾದ ಮೇಲೆ ಒತ್ತಲು ಏನೂ ಇರುವುದಿಲ್ಲ.

ನನ್ನ ಪ್ರಕಾರ 1.5x ಸಾಕು. ಮಂಡ್ಯದ ನಮ್ಮ ದೊಡ್ಡಪ್ಪನ ಮೆಸೇಜ್ ನಾಲ್ಕೂವರೆ ನಿಮಿಷಕ್ಕೆ ಕಮ್ಮಿ ಇರುವುದಿಲ್ಲ. 1.5xನಲ್ಲಿ ಅದು ಮೂರು ನಿಮಿಷ. 2xನಲ್ಲಿ ಎರಡೂಕಾಲು. ಉಳಿಯುವ ಆ ಮುಕ್ಕಾಲು ನಿಮಿಷದ ಆಸೆಗೆ ನಾನು ಒಮ್ಮೆ ಕೆಟ್ಟೆ. “ಎಂಬತ್ತು ಟನ್ ಆಯ್ತದೆ ಕಣ್ಮಗ, ಲಾರಿಗೆ ಹೇಳ್ಬುಡು” ಅಂದಿದ್ದರು, ನಾನು ತೊಂಬತ್ತು ಅಂತ ಕೇಳಿಸಿಕೊಂಡು ಲಾರಿಯವನಿಗೆ ಹಾಗೇ ಹೇಳಿದೆ. ಎಂಬತ್ತು, ತೊಂಬತ್ತು ಎರಡರಲ್ಲೂ ಬಾಲ ಒಂದೇ, ತಲೆ ಮಾತ್ರ ಬೇರೆ. 2xನಲ್ಲಿ ಮೊದಲು ನುಂಗಿಹೋಗುವುದು ಆ ತಲೆಯೇ. ಅಂಕಿ, ತಾರೀಕು, ಹೆಸರು ಬಂದ ಕಡೆ ಅಲೆಯಂಥ ಗೆರೆ ಮೇಲಿನ ಚುಕ್ಕೆಯನ್ನು ಸ್ವಲ್ಪ ಹಿಂದಕ್ಕೆ ಎಳೆದು 1xನಲ್ಲಿ ಇನ್ನೊಮ್ಮೆ ಕೇಳಿ.

ಇನ್ನು ಕೇಳುವುದೇ ಬೇಡ, ಓದಿಬಿಡೋಣ ಅನ್ನುವವರಿಗೆ. ಇದು ವಾಟ್ಸಾಪ್ 2024ರ ನವೆಂಬರಿನಲ್ಲಿ ಪ್ರಕಟಿಸಿದ ಸೌಲಭ್ಯ. Settings ಒಳಗೆ Chats, ಅದರೊಳಗೆ Voice message transcripts. ಆನ್ ಮಾಡಿ, ಭಾಷೆ ಆರಿಸಿ. ಆ ಭಾಷೆಯ ಫೈಲ್ ಡೌನ್‌ಲೋಡ್ ಆಗಬೇಕು, ವೈಫೈ ಇರುವ ಕಡೆ ಮಾಡಿದರೆ ಒಳ್ಳೆಯದು. ಆಮೇಲೆ ಮೆಸೇಜನ್ನು ಒತ್ತಿ ಹಿಡಿದು Transcribe ಆರಿಸಿದರೆ ಮಾತು ಅಕ್ಷರವಾಗಿ ಮೆಸೇಜಿನ ಕೆಳಗೇ ಬರುತ್ತದೆ. ಆಂಡ್ರಾಯ್ಡ್‌ನಲ್ಲಿ ಅದು ಮೇಲಿನ ಮೂರು ಚುಕ್ಕೆಯೊಳಗೆ ಇರಬಹುದು. ಬರೆಯುವ ಕೆಲಸ ನಿಮ್ಮ ಫೋನಿನೊಳಗೇ ನಡೆಯುತ್ತದೆ. ಕಳಿಸಿದವರಿಗೆ ಆ ಬರಹ ಕಾಣಿಸುವುದಿಲ್ಲ.

ಸಮಸ್ಯೆ ಭಾಷೆಯದು. ಆಂಡ್ರಾಯ್ಡ್‌ನಲ್ಲಿ ಶುರುವಾದಾಗ ಇಂಗ್ಲಿಷ್, ಪೋರ್ಚುಗೀಸ್, ಸ್ಪ್ಯಾನಿಷ್, ರಷ್ಯನ್ ಇದ್ದವು, ಕನ್ನಡ ಇರಲಿಲ್ಲ. ನಿಮ್ಮ ಪಟ್ಟಿಯಲ್ಲಿ ಏನಿದೆ ಅಂತ ಭಾಷೆ ಆರಿಸುವ ಜಾಗದಲ್ಲೇ ಕಾಣುತ್ತದೆ. ಇಂಗ್ಲಿಷ್ ಆರಿಸಿಟ್ಟು ಕನ್ನಡದ ಮೆಸೇಜಿಗೆ Transcribe ಒತ್ತಿದರೆ Transcript unavailable ಅಂತ ಬರುತ್ತದೆ. ಫೋನ್ ಕೆಟ್ಟಿಲ್ಲ, ಭಾಷೆ ಹೊಂದಿಲ್ಲ ಅಷ್ಟೇ. ಹಿಂದೆ ಗಲಾಟೆ ಜಾಸ್ತಿ ಇದ್ದರೂ ಇದೇ ಗತಿ. ಹಾಗಾಗಿ ಬೆಂಗಳೂರಿನ ಆಫೀಸಿನಿಂದ ಬರುವ ಇಂಗ್ಲಿಷ್ ಮೆಸೇಜುಗಳಿಗೆ ಮಾತ್ರ ನಾನು ಇದನ್ನು ಬಳಸುತ್ತೇನೆ. ಅಲ್ಲೂ fifteen, fifty ಬಂದರೆ ಬರಹವನ್ನು ನಂಬದೆ ಆ ತುಣುಕು ಕೇಳಿಯೇ ನೋಡುತ್ತೇನೆ.

ಕನ್ನಡಕ್ಕೆ ಒಂದು ಅಡ್ಡದಾರಿ ಇದೆ. ಇನ್ನೊಂದು ಫೋನಿನಲ್ಲಿ ಗೂಗಲ್ ಕೀಬೋರ್ಡಿನ ಮೈಕ್ ಒತ್ತಿ, ಭಾಷೆ ಕನ್ನಡಕ್ಕೆ ಇಟ್ಟು, ಇದರ ಸ್ಪೀಕರನ್ನು ಅದರ ಹತ್ತಿರ ಹಿಡಿಯುವುದು. ಅರ್ಧ ನಿಮಿಷದ, ನಿಧಾನವಾಗಿ ಮಾತಾಡಿದ ಮೆಸೇಜಿಗೆ ಪರವಾಗಿಲ್ಲ. ಮಾತಿನ ನಡುವೆ ಉಸಿರೆಳೆದರೆ ಬರೆಯುವುದನ್ನು ನಿಲ್ಲಿಸಿಬಿಡುತ್ತದೆ. “ಎಲ್ಲ ಭಾಷೆಗೂ ಉಚಿತ” ಅನ್ನುವ ಗುರುತಿಲ್ಲದ ಆ್ಯಪುಗಳ ಕಡೆ ಮಾತ್ರ ಹೋಗಬೇಡಿ. ಮನೆಯವರ ದನಿಯನ್ನು ಯಾವುದೋ ಸರ್ವರಿಗೆ ಕಳಿಸಿ, ಹತ್ತು ಜಾಹೀರಾತು ನೋಡಿ, ಕೊನೆಗೆ ಸಿಗುವುದು ಅರ್ಧಂಬರ್ಧ ಬರಹ.

ದೊಡ್ಡಪ್ಪನ ಮೆಸೇಜಿಗೆ ನಾನು ಈ ಅಡ್ಡದಾರಿಯನ್ನೂ ಹಿಡಿದು ನೋಡಿದ್ದೆ. ಮೂರು ಸಾಲು ಬರೆದು, ಅವರು ಕೆಮ್ಮಿದ ಕೂಡಲೇ ನಿಂತುಬಿಟ್ಟಿತು. ಟನ್ ಲೆಕ್ಕ ಇದ್ದದ್ದು ಕೆಮ್ಮಿನ ಆಚೆ.