ಎಸ್ಪ್ರೆಸೊ ಮಷೀನ್: ಲೈಟ್ ಆರಿದ ಮೇಲೆ ಎಷ್ಟು ಹೊತ್ತು ಕಾಯಬೇಕು?

ರಾನ್ಸಿಲಿಯೊ ಸಿಲ್ವಿಯಾದಂಥ ಒಂದೇ ಬಾಯ್ಲರ್‌ನ ಮಷೀನಿನಲ್ಲಿ ಅದೇ ಪುಡಿ, ಅದೇ ತೂಕ ಹಾಕಿದರೂ ಒಂದು ಶಾಟ್ ಹುಳಿ, ಮುಂದಿನದು ಕಹಿಯಾಗುವುದುಂಟು. ಬಾಯ್ಲರ್‌ನ ಹೊರಮೈಗೆ ಕೂರಿಸಿದ ಥರ್ಮೋಸ್ಟಾಟ್ ಸುಮಾರು 100 ಡಿಗ್ರಿಗೆ ಹೀಟರನ್ನು ಆರಿಸುತ್ತದೆ, ಆಮೇಲೆ ಹಲವು ಡಿಗ್ರಿ ಇಳಿಯುವ ತನಕ ಮತ್ತೆ ಹಚ್ಚುವುದಿಲ್ಲ. ಆರಿದ ಮೇಲೂ ಕಾಯಿಲ್‌ನಲ್ಲಿ ಉಳಿದ ಬಿಸಿ ನೀರಿಗೆ ಸೇರುತ್ತಿರುತ್ತದೆ. ಈ ಏರಿಳಿತದಲ್ಲಿ ಪ್ರತಿ ಸಲವೂ ಒಂದೇ ಜಾಗ ನೋಡಿ ಸ್ವಿಚ್ ಒತ್ತುವುದೇ ಟೆಂಪರೇಚರ್ ಸರ್ಫಿಂಗ್.

ಪುಡಿ ತುಂಬುವ ಹಿಡಿಕೆಯ ಪೋರ್ಟಾಫಿಲ್ಟರನ್ನು ನೀರು ಹೊರಬರುವ ಗ್ರೂಪ್‌ಗೆ ಸಿಕ್ಕಿಸಿಯೇ ಮಷೀನನ್ನು ಅರ್ಧ ಗಂಟೆ ಕಾಯಿಸಿ. ಹೀಟರ್ ಲೈಟ್ ಬೇಗ ಆರಿದರೂ ಅಷ್ಟು ಹೊತ್ತಿಗೆ ಗ್ರೂಪ್‌ನ ಹಿತ್ತಾಳೆ ಇನ್ನೂ ಬಿಸಿಯಾಗಿರುವುದಿಲ್ಲ. ಅವಸರಪಟ್ಟರೆ ಹುಳಿ ಶಾಟ್ ಖಚಿತ.

ಈಗ ಪೋರ್ಟಾಫಿಲ್ಟರ್ ತೆಗೆದು, ಕೆಳಗೆ ಪಾತ್ರೆಯಿಟ್ಟು, ಹೀಟರ್ ಲೈಟ್ ಹತ್ತುವವರೆಗೆ ನೀರು ಹರಿಸಿ ನಿಲ್ಲಿಸಿ. ಮತ್ತೆ ಕಾದು ಲೈಟ್ ಆರುವಷ್ಟರಲ್ಲಿ ಪುಡಿ ತೂಗಿ, ಟ್ಯಾಂಪ್ ಮಾಡಿಟ್ಟುಕೊಳ್ಳಿ. ಲೈಟ್ ಆರಿದೊಡನೆ ಸೆಕೆಂಡು ಎಣಿಸಿ. ಉಳಿದ ಬಿಸಿಯಿಂದ ಉಷ್ಣತೆ ಇನ್ನೊಂದಿಷ್ಟು ಏರಿ, ನಂತರ ನಿಧಾನವಾಗಿ ಇಳಿಯುತ್ತದೆ. 60 ಸೆಕೆಂಡಿಗೆ ಶಾಟ್ ಶುರು ಮಾಡಿ ನೋಡಿ. ಲೈಟ್ ಮತ್ತೆ ಹತ್ತುವ ತನಕ ಮಾತ್ರ ಕಾಯಬೇಡಿ. ಕೆಲವು ಮಷೀನುಗಳಲ್ಲಿ ಬಿಸಿ ತಲುಪಿದಾಗ ಲೈಟ್ ಹತ್ತುತ್ತದೆ, ನಿಮ್ಮದು ಯಾವ ಬಗೆ ಎಂದು ಮೊದಲೇ ನೋಡಿಕೊಳ್ಳಿ.

15 ಗ್ರಾಂ ಪುಡಿಗೆ 30 ಗ್ರಾಂ ಕಾಫಿ 28 ಸೆಕೆಂಡಿನಲ್ಲಿ ಇಳಿಯಿತು ಎನ್ನಿ. ಹರಿವು ಸರಿಯಿದೆ, ಆದರೆ ನಾಲಗೆಗೆ ಸುಟ್ಟ ಕಹಿ. ಆಗ ಗ್ರೈಂಡ್ ಮುಟ್ಟಬೇಡಿ. ನೀರು ಇನ್ನಷ್ಟು ತಣಿಯಲೆಂದು ಮುಂದಿನ ಸಲ 75 ಸೆಕೆಂಡು ಕಾಯಿರಿ. ಹುಳಿ ಬಂದರೆ 45ಕ್ಕೆ ಇಳಿಸಿ. ಗ್ರೈಂಡ್, ಕಾಯುವ ಹೊತ್ತು ಎರಡನ್ನೂ ಒಟ್ಟಿಗೆ ಬದಲಿಸಿದರೆ ಕಾರಣ ಯಾವುದೆಂದು ತಿಳಿಯುವುದೇ ಇಲ್ಲ.

ಹಾಲು ನೊರೆ ಬರಿಸಿದ ಮೇಲೆ ಇನ್ನೊಂದು ಶಾಟ್ ಬೇಕಾದಾಗ ನೀರು ಹರಿಸಿ ಬಾಯ್ಲರ್ ತಣಿಸುವ ಕೂಲಿಂಗ್ ಫ್ಲಶ್ ಬೇಕು. ಸ್ಟೀಮ್ ಥರ್ಮೋಸ್ಟಾಟ್ ಬಾಯ್ಲರನ್ನು ಸುಮಾರು 140 ಡಿಗ್ರಿಗೆ ಒಯ್ದಿರುತ್ತದೆ. ಸ್ಟೀಮ್ ಸ್ವಿಚ್ ಆರಿಸಿ, ಪೋರ್ಟಾಫಿಲ್ಟರ್ ತೆಗೆದು, ಕೈ ದೂರವಿಟ್ಟು ಗ್ರೂಪಿನಿಂದ ನೀರು ಬಿಡಿ. ಮೊದಲು ಬುಸ್ಸೆಂದು ಹಬೆ ಚಿಮ್ಮುತ್ತದೆ, ಆಮೇಲೆ ಧಾರೆ ಸದ್ದಿಲ್ಲದೆ ಬೀಳುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ. ಸದ್ದಡಗಿತೆಂದರೆ ನೀರು ಕುದಿಬಿಂದುವಿಗಿಂತ ಕೆಳಗಿಳಿಯಿತು ಎಂದಷ್ಟೇ ಅರ್ಥ. ಬೆಂಗಳೂರಿನ ಎತ್ತರದಲ್ಲಿ ಆ ಬಿಂದು ಸುಮಾರು 97 ಡಿಗ್ರಿ, ಕಾಫಿಗೆ ಅದೂ ಹೆಚ್ಚೇ. ಹೀಟರ್ ಲೈಟ್ ಹತ್ತುವವರೆಗೆ ಹರಿಸಿ, ಆಮೇಲೆ ಮೊದಲಿನಂತೆಯೇ ಆರುವುದನ್ನು ಕಾದು ಎಣಿಸಿ.

ಮತ್ತೆ ಶಾಟ್ ಬೇಡವಾಗಿದ್ದರೂ ಸ್ಟೀಮ್ ಆದ ಮೇಲೆ ಇಷ್ಟು ನೀರು ಹರಿಸಲೇಬೇಕು. ಹಬೆಯಾಗಿ ಹೋದ ನೀರನ್ನು ತುಂಬಿಸದೆ ಬಿಟ್ಟರೆ ಕಾಯಿಲ್ ನೀರಿಲ್ಲದೆ ಕಾದು ಸುಟ್ಟುಹೋಗಬಹುದು.